ಕಿಡ್ನಿ ಕಲ್ಲು ಎಂದು ಹೇಳಿಕೊಂಡಿದ್ದೆವು

ಆ ದಿನ ಬೆಳಿಗ್ಗೆಯೂ ನಮ್ಮ ಬಚ್ಚಲುಮನೆಯ ನಲ್ಲಿ ಸುರಿಯುತ್ತಲೇ ಇತ್ತು. ನಾನು ಅಂಗಳಕ್ಕೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು, ಹಾಲು ಕಾಯಿಸಿ, ಮಕ್ಕಳ ಡಬ್ಬಿಗೆ ಚಿತ್ರಾನ್ನ ಕಲಸುವಷ್ಟು ಹೊತ್ತೂ ಆ ಸದ್ದು ನಿಲ್ಲಲಿಲ್ಲ. ಖಾಲಿ ಬಕೆಟ್ಟಿಗೆ ನೀರು ಬೀಳುವ ಸದ್ದು ಒಂದು, ತುಂಬಿದ ಬಕೆಟ್ಟಿಗೆ ಬೀಳುವ ಸದ್ದೇ ಇನ್ನೊಂದು. ಬಕೆಟ್ಟು ಆಗಲೇ ತುಂಬಿ ನೀರು ಚಪ್ಪಡಿ ಮೇಲೆ ಹರಿದು ಮೋರಿಗೆ ಹೋಗುತ್ತಿತ್ತು. ಒಳಗಿದ್ದವನು ನನ್ನ ಮೈದುನ. ಸ್ನಾನ ಮಾಡುತ್ತಿರಲಿಲ್ಲ, ಒಂದಕ್ಕೆ ಹೋಗುತ್ತಿದ್ದ. ಅದಕ್ಕೆ ಹಿಡಿಯುವ ಹೊತ್ತು ಹೊರಗಿನವರಿಗೆ ಗೊತ್ತಾಗಬಾರದು ಎಂದು ನಲ್ಲಿ ಬಿಟ್ಟುಕೊಳ್ಳುತ್ತಿದ್ದ.

ನನಗೆ ಇದು ತಿಳಿದು ಮೂರು ತಿಂಗಳಾಗಿತ್ತು. ಮಾಗಡಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತದೆ. ತೊಟ್ಟಿ ಅಷ್ಟು ಬೇಗ ಯಾಕೆ ಖಾಲಿಯಾಗುತ್ತದೆ ಎಂದು ನೋಡಲು ಹೋಗಿ ತಿಳಿದದ್ದು. ಆಮೇಲೆ ಉಳಿದ ಸಣ್ಣಪುಟ್ಟವೂ ಕಣ್ಣಿಗೆ ಬಿದ್ದವು. ಮದುವೆಮನೆಗಳಲ್ಲಿ ಅವನು ಒಂದಕ್ಕೆ ನಿಂತ ಗಂಡಸರ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಊಟಕ್ಕೆ ಕೂತರೆ ಲೋಟದ ನೀರು ಹಾಗೇ ಉಳಿಯುತ್ತಿತ್ತು. ತಿಳಿಬಣ್ಣದ ಪ್ಯಾಂಟು ಹಾಕುವುದನ್ನು ಬಿಟ್ಟಿದ್ದ. ವಯಸ್ಸು ಇಪ್ಪತ್ತೆಂಟು. ಸುತ್ತಿನ ಹಳ್ಳಿಗಳಿಂದ ರೇಷ್ಮೆಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೊಡೆಯುವ ಗೂಡ್ಸ್ ಗಾಡಿ ಅವನದು. ಇನ್ನು ಐದು ವಾರಕ್ಕೆ ಸರಿಯಾಗಿ ಮದುವೆ ಗೊತ್ತಾಗಿತ್ತು, ಕನಕಪುರದ ಕಡೆಯ ಹುಡುಗಿ. ಛತ್ರ ಹಿಡಿದಾಗಿತ್ತು, ಪತ್ರಿಕೆ ಅಚ್ಚಾಗಿ ಬಂದು ದೇವರಮನೆಯಲ್ಲಿ ಕೂತಿತ್ತು, ಹಂಚುವುದೊಂದು ಬಾಕಿ.

ಒಂದು ಮಧ್ಯಾಹ್ನ ಮಹಡಿ ಮೇಲೆ ರಾಗಿ ಹರವುತ್ತಿದ್ದಾಗ ನಾನೇ ಕೇಳಿದ್ದೆ. ಕನ್ನಡದಲ್ಲಿ ಕೇಳಲು ನಾಲಿಗೆ ಏಳಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಮೈಯ ಎಲ್ಲ ಭಾಗಕ್ಕೂ ಇಂಗ್ಲಿಷಿನ ಹೆಸರು ಕಲಿಸಿದ್ದರು, ಅವು ಪಾಠದ ಹೆಸರುಗಳಾಗಿದ್ದುದರಿಂದ ನಾಚಿಕೆ ಇರಲಿಲ್ಲ. “ಯೂರಿನ್ ಪ್ರಾಬ್ಲಮ್ಮಾ?” ಎಂದೆ. ಅವನು ರಾಗಿಯನ್ನು ಕಾಲಲ್ಲಿ ಆ ಕಡೆ ಈ ಕಡೆ ಎಳೆಯುತ್ತಾ, “ಊಂ ಅತ್ಗೆ. ಅಣ್ಣಂಗೆ ಹೇಳ್ಬೇಡಿ” ಎಂದ.

ಅಣ್ಣನಿಗೆ ಹೇಳದೆ ಇರಲು ಆಗುವುದಿಲ್ಲ, ನಾನು ಹೇಳಿದೆ. ನನ್ನ ಗಂಡ, “ನೀನೇ ಕರ್ಕೊಂಡ್ ಹೋಗು. ನನ್ನ ಮುಂದೆ ಅವ್ನು ಬಾಯ್ ಬಿಡಲ್ಲ. ಇಂಗ್ಲಿಷ್ ರಿಪೋರ್ಟ್ ಬೇರೆ” ಎಂದರು. ಅತ್ತೆಗೆ ಮಾತ್ರ ಕಿಡ್ನಿ ಕಲ್ಲು ಎಂದು ಹೇಳಿಕೊಂಡೆವು. ಕಿಡ್ನಿ ಕಲ್ಲು ಮರ್ಯಾದಸ್ಥ ಕಾಯಿಲೆ. ಯಾರ ಮುಂದೆ ಬೇಕಾದರೂ ಹೇಳಬಹುದು, ಕೇಳಿದವರೆಲ್ಲ ಒಂದೊಂದು ಔಷಧ ಹೇಳುತ್ತಾರೆ.

ನಾವು ಎರಡನೇ ಸಲ ರಾಮನಗರದ ಆಸ್ಪತ್ರೆಗೆ ಹೊರಟಿದ್ದ ಆ ಬೆಳಿಗ್ಗೆ ಅತ್ತೆ ಬಾಳೆದಿಂಡಿನ ರಸ ಹಿಂಡಿ ಚೊಂಬಿನಲ್ಲಿಟ್ಟುಕೊಂಡು ಬಚ್ಚಲ ಬಾಗಿಲಲ್ಲೇ ಕಾಯುತ್ತಿದ್ದರು.

“ಕುಡ್ಕೊಂಡ್ ಹೋಗ್ಲಾ ಮಗಾ. ಕಲ್ಲು ಅಂಗೇ ಕರುಗ್ ಬುಡ್ತೈತೆ.”

“ಬ್ಯಾಡ ಕಣವ್ವ, ಬಸ್ನಾಗೆ ಹೊಟ್ಟೆ ತೊಳ್ಸುತ್ತೆ.”

“ಏನ್ ತೊಳ್ಸುತ್ತೋ ಕಾಣೆ. ನಿಂಗೆ ಚಿಕ್ಕಂದಿನಿಂದ್ಲೂ ಉಷ್ಣದ ಮೈ. ಎಣ್ಣೆ ಹಾಕುಸ್ಕ ಅಂದ್ರೆ ಓಡೋಯ್ತೀಯ.” ನನ್ನ ಕಡೆ ತಿರುಗಿ, “ಡಾಕ್ಟ್ರಿಗೆ ಉಷ್ಣ ಅಂತ ಒಂದ್ ಮಾತು ಹೇಳಮ್ಮಣ್ಣಿ, ಮರೀಬ್ಯಾಡ” ಎಂದರು.

ಅವನ ಗಾಡಿ ಬಾಗಿಲಲ್ಲೇ ನಿಂತಿತ್ತಾದರೂ ನಾವು ಬಸ್ಸಿಗೆ ಹೊರಟೆವು. ಆ ಗಾಡಿ ರಾಮನಗರದಲ್ಲಿ ಯಾವ ಆಸ್ಪತ್ರೆಯ ಮುಂದೆ ನಿಂತರೂ ಗೂಡಿನ ಮಾರುಕಟ್ಟೆಯವರಿಗೆಲ್ಲ ಅರ್ಧ ಗಂಟೆಯಲ್ಲಿ ಸುದ್ದಿ. ಬಸ್ ಸ್ಟ್ಯಾಂಡಿನಲ್ಲಿ ಅವನು “ಒಂದ್ನಿಮಿಷ ಅತ್ಗೆ” ಎಂದು ಹಿಂಭಾಗಕ್ಕೆ ಹೋದ. ನಿಮಿಷ ಹತ್ತಾಯಿತು. ಹಿಂದಿನ ವಾರ ಡಾಕ್ಟರ ಚೀಟಿಯಲ್ಲಿ ‘ತುಂಬಿದ ಮೂತ್ರಕೋಶದೊಂದಿಗೆ ಬರತಕ್ಕದ್ದು’ ಎಂದು ಬರೆದಿದ್ದನ್ನು ನಾನೇ ಅವನಿಗೆ ಓದಿ ಹೇಳಿದ್ದೆ. ಆದರೆ ಬಸ್ ಹತ್ತುವ ಮೊದಲು ಹೋಗಿಬರುವುದು ನಮ್ಮ ಕಡೆಯವರಿಗೆ ಹುಟ್ಟಿನಿಂದ ಬಂದದ್ದು. ಮಕ್ಕಳಿಗೆ ಹೇಳುತ್ತೇವೆ, ಮುದುಕರಿಗೆ ಹೇಳುತ್ತೇವೆ. ಅವನಿಗಂತೂ ದಾರಿಯಲ್ಲಿ ಅವಸರವಾಗಿ, ಬಸ್ ನಿಲ್ಲಿಸಿಕೊಂಡು, ಮೂವತ್ತು ಜನ ಕಿಟಕಿಯಿಂದ ನೋಡುತ್ತಿರುವಾಗ ಬೇಲಿಯ ಹತ್ತಿರ ನಿಂತೇ ಇರಬೇಕಾದ ಭಯ. ನನಗೆ ಆ ಚೀಟಿ ನೆನಪಾದದ್ದು ಬಸ್ಸು ಊರು ದಾಟಿದ ಮೇಲೆ. ಹೇಳಿ ಪ್ರಯೋಜನ ಇರಲಿಲ್ಲ.

ರಾಮನಗರದ ಆ ಸಣ್ಣ ಆಸ್ಪತ್ರೆಯ ಮೊದಲ ಮಹಡಿಯಲ್ಲಿ ವಾರಕ್ಕೆ ಎರಡು ದಿನ ಯೂರಾಲಜಿ ಡಾಕ್ಟರು ಕೂರುತ್ತಾರೆ. ಕಾಯುವವರೆಲ್ಲ ಅರುವತ್ತು ದಾಟಿದ ಗಂಡಸರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಮಡಿಲಲ್ಲಿ ಪ್ಲಾಸ್ಟಿಕ್ ಕವರಿನ ಫೈಲು. ಒಬ್ಬಿಬ್ಬರು ಹೆಂಗಸರು ಗಂಡಂದಿರ ಚಪ್ಪಲಿ ಕಾಯುತ್ತಾ ಕೂತಿದ್ದರು. ನಾವು ಕೂತ ಬೆಂಚಿನಲ್ಲಿ ಚನ್ನಪಟ್ಟಣದ ಕಡೆಯ ಒಬ್ಬ ಅಜ್ಜ ಇದ್ದರು, ಕಾಲ ಪಕ್ಕಕ್ಕೆ ಮೂತ್ರದ ಚೀಲ ಕಟ್ಟಿಕೊಂಡಿದ್ದರು, ಅದನ್ನು ಮುಚ್ಚಿಕೊಳ್ಳುವ ಗೋಜಿಗೆ ಹೋಗಿರಲಿಲ್ಲ.

“ಏನ್ಲಾ ಮಗಾ, ಯಾರ್ನ ಕರ್ಕೊಂಡ್ ಬಂದಿದ್ದೀಯ? ನಿಮ್ಮಪ್ಪನ್ನಾ?” ಎಂದು ಕೇಳಿದರು.

“ನಂಗೇ ಕಣಜ್ಜ.”

“ಓಹೋ! ನಮ್ ಕ್ಲಬ್ಬಿಗೆ ಇಷ್ಟ್ ಬೇಗ ಮೆಂಬರ್ ಆದೇನ್ಲಾ?” ಅಜ್ಜ ನಕ್ಕರು, ಪಕ್ಕದವರೂ ನಕ್ಕರು. ಮೈದುನನೂ ನಕ್ಕ, ಕಿವಿ ಮಾತ್ರ ಕೆಂಪಾಗಿತ್ತು.

ಹಿಂದಿನ ವಾರವೇ ಡಾಕ್ಟರು ಹೇಳಿದ್ದರು, ವಯಸ್ಸಾದವರಿಗೆ ಪ್ರಾಸ್ಟೇಟ್ ಗ್ರಂಥಿ ಊದಿ ದಾರಿ ಒತ್ತುತ್ತದೆ, ಈ ವಯಸ್ಸಿನವರಿಗೆ ಧಾರೆ ಸಣ್ಣಗಾದರೆ ಮೂತ್ರನಾಳವೇ ಎಲ್ಲೋ ಗಾಯದ ಕಲೆ ಕಟ್ಟಿ ಕಿರಿದಾಗಿರುವುದು ಹೆಚ್ಚು ಎಂದು. ಎಂದಾದರೂ ಕಾಲು ಅಗಲಿಸಿ ಯಾವುದರ ಮೇಲಾದರೂ ಬಿದ್ದದ್ದುಂಟಾ ಎಂದು ಕೇಳಿದ್ದರು. ಇತ್ತು. ಹತ್ತೊಂಬತ್ತನೇ ವಯಸ್ಸಿನಲ್ಲಿ ತಿಪ್ಪಸಂದ್ರದ ಹತ್ತಿರದ ಅವನ ಸೋದರಮಾವನ ತೋಟದಲ್ಲಿ ಕುರಿದೊಡ್ಡಿಯ ಕಲ್ಲುಗೋಡೆ ಹಾರಲು ಹೋಗಿ, ಕಾಲು ಜಾರಿ, ಗೋಡೆಯ ಮೇಲೆ ಕುದುರೆ ಸವಾರಿ ಕೂತಂತೆ ಬಿದ್ದಿದ್ದ. ಎರಡು ದಿನ ರಕ್ತ ಹೋಗಿತ್ತು. ಯಾರಿಗೂ ಹೇಳಿರಲಿಲ್ಲ. ಕೆಂಪಗಿದ್ದದ್ದನ್ನು ನೋಡಿಬಿಟ್ಟ ಅತ್ತೆ ಉಷ್ಣ ಎಂದು ಅಂಗಾಲಿಗೆ ಹರಳೆಣ್ಣೆ ತಿಕ್ಕಿದ್ದರು, ಮೂರನೇ ದಿನ ತಾನಾಗಿ ನಿಂತಿತ್ತು, ಉಷ್ಣ ಇಳಿಯಿತು ಎಂದಾಗಿತ್ತು. ಇಂಥ ಗಾಯ ಒಳಗೊಳಗೇ ಕಲೆ ಕಟ್ಟಿ ದಾರಿ ಬಿಗಿಯುವುದಕ್ಕೆ ವರ್ಷಗಳೇ ಹಿಡಿಯಬಹುದು ಎಂದರು ಡಾಕ್ಟರು. ಮುಂಚೆ ಇದಕ್ಕೆ ಏನಾದರೂ ಮಾಡಿಸಿದ್ದೀಯಾ ಎಂದೂ ಕೇಳಿದ್ದರು. ಇಲ್ಲ ಎಂದಿದ್ದ. ಅವತ್ತು ಮೂತ್ರದ ಪರೀಕ್ಷೆಗೆ ಮಾತ್ರ ಕೊಟ್ಟು ಬಂದಿದ್ದೆವು, ಸೋಂಕಿದ್ದರೆ ಬಣ್ಣದ ಎಕ್ಸ್-ರೇ ಮಾಡುವಂತಿಲ್ಲವಂತೆ. ಸೋಂಕು ಇರಲಿಲ್ಲ.

ಮೊದಲು ಧಾರೆಯ ವೇಗ ಅಳೆಯುವ ಪರೀಕ್ಷೆ. ಒಂದು ಸಣ್ಣ ಕೋಣೆ, ಅದರಲ್ಲಿ ಸ್ಟ್ಯಾಂಡಿನ ಮೇಲೆ ದೊಡ್ಡ ಆಲಿಕೆ, ಅದರ ಕೆಳಗೆ ಪಾತ್ರೆ, ಪಾತ್ರೆಯ ಕೆಳಗೆ ತೂಕ ಹಿಡಿಯುವ ಯಂತ್ರ. ಆಲಿಕೆಗೆ ಹೋದಷ್ಟನ್ನೂ ಪ್ರತಿ ಸೆಕೆಂಡಿಗೆ ಎಷ್ಟು ಎಂದು ಅದು ಗೀಟು ಎಳೆಯುತ್ತದೆ. ಅದನ್ನು ನೋಡಿಕೊಳ್ಳುವವರು ಕನ್ನಡಕ ಹಾಕಿದ ಒಬ್ಬ ನರ್ಸು. ಬಾಗಿಲು ಅರ್ಧ ತೆರೆದಿಟ್ಟು ಅವನಿಗೆ ವಿವರಿಸುತ್ತಿದ್ದರು, ನಾನು ಹೊರಗೆ ಅವನ ಫೋನು, ಪರ್ಸು ಹಿಡಿದು ನಿಂತಿದ್ದೆ.

“ಬೀಪ್ ಅಂದ್ಮೇಲೆ ತಾನೆ ಹೋಗ್ಬೇಕಾದ್ದು?” ಎಂದ ಮೈದುನ, ಅವರು ಯಂತ್ರದ ಮಾತು ತೆಗೆಯುವ ಮೊದಲೇ.

“ಮುಂಚೆ ಮಾಡ್ಸಿದ್ದೀರಾ?”

“ಇಲ್ಲ ಇಲ್ಲ. ಹಂಗೇ ಅಂದೆ.”

ನರ್ಸು ಅದನ್ನು ಅಲ್ಲಿಗೇ ಬಿಟ್ಟರು. “ತಿಣುಕಬೇಡಿ. ಮನೇಲಿ ಹೆಂಗ್ ಹೋಗ್ತೀರೋ ಹಂಗೇ ಹೋಗಿ” ಎಂದು ಬಾಗಿಲು ಎಳೆದುಕೊಂಡರು.

ಬಂದ ಕಾಗದದಲ್ಲಿ ತೊಂಬತ್ತು ಎಂಎಲ್ ಎಂದಿತ್ತು. ನರ್ಸು ಅದನ್ನು ಪಕ್ಕಕ್ಕಿಟ್ಟರು. “ಇದು ಲೆಕ್ಕಕ್ಕಿಲ್ಲ. ನೂರೈವತ್ತಾದ್ರೂ ಆಗ್ಬೇಕು, ಇಲ್ದಿದ್ರೆ ಆರೋಗ್ಯವಾಗಿರೋರ್ದೂ ಸಣ್ಣಗೇ ತೋರ್ಸುತ್ತೆ. ಬಸ್ ಸ್ಟ್ಯಾಂಡಲ್ಲಿ ಹೋಗಿ ಬಂದ್ರಿ ಅಲ್ವಾ?”

ಇವನು ತಲೆ ತಗ್ಗಿಸಿದ.

“ಮಾಗಡಿ ಬಸ್ಸಲ್ಲಿ ಬರೋರೆಲ್ಲ ಇದೇ. ನೀರ್ ಕುಡೀತಾ ಕೂತ್ಕೊಳ್ಳಿ. ಅವಸರ ಆದಾಗ ಬನ್ನಿ, ತಡಕೊಂಡು ತಡಕೊಂಡು ಸಾಯೋ ಹಂಗೆ ಅಲ್ಲ ಮತ್ತೆ.”

ನಾನು ಕೆಳಗಿನ ಅಂಗಡಿಯಿಂದ ಎರಡು ಬಾಟಲಿ ನೀರು ತಂದೆ. ಅಜ್ಜ ಒಳಗೆ ಹೋಗಿದ್ದರು, ಬೆಂಚು ಖಾಲಿಯಾಗಿತ್ತು. ಅವನು ಔಷಧ ಕುಡಿಯುವ ಹಾಗೆ ಒಂದೊಂದೇ ಗುಟುಕು ಕುಡಿಯುತ್ತಿದ್ದ. ಅವನು ಇಷ್ಟು ನೀರು ಕುಡಿಯುವುದನ್ನು ನಾನು ವರ್ಷಗಳಿಂದ ನೋಡಿರಲಿಲ್ಲ.

“ಬೀಪ್ ವಿಷಯ ನಿಂಗೆ ಹೇಗ್ ಗೊತ್ತು?” ಎಂದೆ. ಜೋರಾಗಿ ಕೇಳಲಿಲ್ಲ. ನನಗೆ ಜೋರಾಗಿ ಕೇಳಿ ಅಭ್ಯಾಸ ಇಲ್ಲ.

ಅವನು ಬಾಟಲಿಯ ಲೇಬಲ್ಲನ್ನು ಉಗುರಿನಿಂದ ಕೆರೆದು ಪೂರ್ತಿ ಕಿತ್ತ. ಆಮೇಲೆ ಹೇಳಿದ.

ಒಂದೂವರೆ ವರ್ಷದ ಕೆಳಗೆ ಗೆಳೆಯರ ಜೊತೆ ತಿರುಪತಿಗೆ ಎಂದು ಹೋಗಿದ್ದು ತಿರುಪತಿಗೆ ಅಲ್ಲ. ಒಬ್ಬ ಗೆಳೆಯನನ್ನು ಜೊತೆಗಿಟ್ಟುಕೊಂಡು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಲಗಿದ್ದ. ಅಲ್ಲಿಯೂ ಇದೇ ಆಲಿಕೆ, ಇದೇ ಯಂತ್ರ. ಮೂತ್ರದ ದಾರಿಯಲ್ಲಿ ದುರ್ಬೀನು ಹಾಕಿ ಬಿಗಿದ ಜಾಗವನ್ನು ಒಳಗಿನಿಂದಲೇ ಸೀಳಿದ್ದರು. ನಾಲ್ಕು ದಿನ ಪೈಪು ಇಟ್ಟುಕೊಂಡು ಗೆಳೆಯನ ರೂಮಿನಲ್ಲಿದ್ದು ಮನೆಗೆ ಬಂದಿದ್ದ. ಆರು ತಿಂಗಳು ಚೆನ್ನಾಗಿತ್ತು. “ಚಿಕ್ ಹುಡುಗ್ರ ಹಂಗೆ ಆಗೋಗಿತ್ತು ಅತ್ಗೆ. ಗ್ವಾಡೆಗೆ ಹೊಡೆದ್ರೆ ತಾಕೋದು,” ಎಂದವನು, ಯಾರ ಮುಂದೆ ಹೇಳುತ್ತಿದ್ದೇನೆಂದು ನೆನಪಾಗಿ ಥಟ್ಟನೆ ಬಾಯಿ ಮುಚ್ಚಿದ.

“ಮತ್ತೆ ಆ ಲಾಡು?”

“ಬೆಂಗ್ಳೂರ್ ಬೇಕ್ರೀದು.”

ಆ ಲಾಡುವನ್ನು ಅತ್ತೆ ಕಣ್ಣಿಗೊತ್ತಿಕೊಂಡು ಬೀದಿಯ ಹನ್ನೆರಡು ಮನೆಗೆ ಚೂರುಚೂರಾಗಿ ಹಂಚಿದ್ದರು. ನಾನು ಕೈಯಿಂದ ಬಾಯಿ ಮುಚ್ಚಿಕೊಂಡೆ. ಅವನೂ ನಕ್ಕ.

“ಡಾಕ್ಟ್ರಿಗೆ ಯಾಕ್ ಹೇಳ್ಲಿಲ್ಲ?”

“ಎರಡ್ನೇ ಸಲ ಅಂದ್ರೆ ವಾಸಿ ಆಗ್ದೇ ಇರೋ ಕಾಯ್ಲೆ ಅಂತಾಯ್ತಲ್ಲ ಅತ್ಗೆ. ರಿಪೋರ್ಟ್ನಾಗೆ ಬರೀತಾರೆ. ನಾಳೆ ಹುಡ್ಗಿ ಕಡೆಯೋರು ಯಾರಾರ ನೋಡುದ್ರೆ? ಗಂಡಸ್ತನಾನೇ ಇಲ್ಲ ಅಂತಾರೆ. ಆ ಹಳೇ ಪೇಪರೆಲ್ಲ ಬಸ್ ಕಿಟಕೀಲಿ ಎಸ್ದ್ಬುಟ್ಟೆ. ಈಗ ಇನ್ನೊಂದ್ಸಲ ಹಂಗೇ ಸೀಳುಸ್ಕಂಡ್ರೆ ಮದ್ವೆ ಮುಗಿಯೋಗಂಟ ಸಾಕು. ಆಮ್ಯಾಕೆ ನೋಡ್ಕಳನ.”

ನಾನು ಎರಡನೇ ಬಾಟಲಿಯ ಮುಚ್ಚಳ ತಿರುಗಿಸಿ ಅವನ ಕೈಗೆ ಕೊಟ್ಟೆ.

ಮಧ್ಯಾಹ್ನ ಹನ್ನೆರಡೂವರೆಗೆ ಅವನು ಎದ್ದ. ಈ ಸಲ ಬಾಗಿಲು ಮುಚ್ಚಿಕೊಂಡ ಮೇಲೆ ನಾನು ಬೇಡವೆಂದರೂ ಗೋಡೆ ಗಡಿಯಾರ ನೋಡಿದೆ. ಸೆಕೆಂಡಿನ ಮುಳ್ಳು ಒಂದು ಸುತ್ತು ಪೂರ್ತಿ ಹೋಗಿ ಎರಡನೆಯದಕ್ಕೆ ಬಂದ ಮೇಲೆ ಬಾಗಿಲು ತೆರೆಯಿತು. ಕಾಗದದಲ್ಲಿ ಇನ್ನೂರ ಎಂಬತ್ತು ಎಂಎಲ್. ತಕ್ಷಣ ಹೊಟ್ಟೆಗೆ ಸ್ಕ್ಯಾನಿಂಗ್ ಮಾಡಿ ನೋಡಿದರು, ಹೋಗಿಬಂದ ಮೇಲೂ ಒಳಗೆ ನೂರರ ಮೇಲೆ ಉಳಿದುಕೊಂಡಿತ್ತು.

ಬಣ್ಣದ ಎಕ್ಸ್-ರೇಗೆ ಅವನನ್ನು ಕರೆದಾಗ ಎರಡು ಗಂಟೆ. ಹೊರಗೆ ಬಂದಾಗ ಮುಖದಲ್ಲಿ ಬೆವರಿತ್ತು. ಓರೆಯಾಗಿ ಮಲಗಿಸಿ, ತುದಿಯಿಂದ ಬಣ್ಣದ ಔಷಧ ಒಳಕ್ಕೆ ಬಿಟ್ಟು ಒಂದಷ್ಟು ಚಿತ್ರ, ಮೂತ್ರಕೋಶ ತುಂಬಿದ ಮೇಲೆ ಒಂದಕ್ಕೆ ಹೋಗುತ್ತಿರುವಾಗಲೇ ಇನ್ನಷ್ಟು ಚಿತ್ರ. “ಮಿಶಿನ್ ಮುಂದ್ಗಡೆ ನಿಂತ್ಕಂಡು ಹೋಗು ಅಂದ್ರೆ ಎಲ್ ಬರುತ್ತೆ ಅತ್ಗೆ?” ಎಂದು ಮೆಲ್ಲಗೆ ಹೇಳಿ ಬೆಂಚಿನ ತುದಿಯಲ್ಲಿ ಕೂತ. ಉರಿಯುತ್ತಿತ್ತೆಂದು ಕಾಣುತ್ತದೆ, ತೊಡೆಯ ಮೇಲೆ ಕೈ ಇಟ್ಟುಕೊಂಡೇ ಇದ್ದ.

ಡಾಕ್ಟರು ಐವತ್ತರ ಆಸುಪಾಸಿನವರು, ಮಾತು ಕಡಿಮೆ, ಆದರೆ ಕಾಗದದ ಹಿಂಭಾಗದಲ್ಲಿ ಚಿತ್ರ ಬರೆದು ತೋರಿಸುವ ಅಭ್ಯಾಸ. ಮೊದಲು ಆರೋಗ್ಯವಂತರ ಗೀಟು ಬರೆದರು, ಗಂಟೆಯ ಆಕಾರ, ಏರಿ ಇಳಿಯುವುದು. ಅದರ ಪಕ್ಕಕ್ಕೆ ಇವನದನ್ನಿಟ್ಟರು. ಅದು ಸ್ವಲ್ಪ ಏರಿ, ಹಾಗೇ ಮಟ್ಟಸವಾಗಿ ಬಹಳ ದೂರ ಹೋಗಿ ಇಳಿದಿತ್ತು. ಅತಿ ಹೆಚ್ಚೆಂದರೆ ಸೆಕೆಂಡಿಗೆ ಆರು ಎಂಎಲ್. ಈ ವಯಸ್ಸಿನಲ್ಲಿ ಹದಿನೈದು, ಇಪ್ಪತ್ತರ ಮೇಲೆ ಇರಬೇಕಂತೆ.

“ಈ ಗೀಟು ದಾರಿ ಕಿರಿದಾಗಿದೆ ಅಂತ ಹೇಳುತ್ತೆ, ಎಲ್ಲಿ ಅಂತ ಹೇಳಲ್ಲ. ಅದಕ್ಕೇ ಎಕ್ಸ್-ರೇ.” ಫಿಲಮ್ಮನ್ನು ಬೆಳಕಿಗೆ ಹಿಡಿದರು. ಬಣ್ಣದ ಔಷಧ ಬಿಳಿಯಾಗಿ ಅಗಲವಾಗಿ ಬಂದು, ಒಂದು ಕಡೆ ದಾರದಷ್ಟು ಸಣ್ಣಗಾಗಿ, ಮತ್ತೆ ಅಗಲವಾಗಿತ್ತು. “ಇಲ್ಲೇ ನೋಡಿ, ಒಂದೂವರೆ ಸೆಂಟಿಮೀಟರ್. ಗೋಡೆ ಮೇಲೆ ಬಿದ್ದಾಗ ನಜ್ಜುಗುಜ್ಜಾಗೋ ಜಾಗಾನೇ ಇದು. ಬಿಟ್ರೆ ಏನಾಗುತ್ತೆ ಅಂದ್ರೆ, ಮೂತ್ರ ಒಳಗೇ ನಿಂತು ಸೋಂಕಾಗುತ್ತೆ, ಮೂತ್ರಕೋಶದಲ್ಲಿ ಕಲ್ಲಾಗ್ಬೋದು, ಒಂದಿನ ಪೂರ್ತಿ ಕಟ್ಕೊಂಡುಬಿಡ್ಬೋದು.”

“ಏನ್ ಮಾಡ್ಬೇಕು ಸಾರ್?” ಎಂದ ಮೈದುನ.

“ಚಿಕ್ಕದು, ಮೊದಲ್ನೇ ಸಲ ಬೇರೆ. ಒಳಗಿಂದ ದುರ್ಬೀನು ಹಾಕಿ ಒಂದ್ಸಲ ಸೀಳಿ ನೋಡ್ಬೋದು. ಒಂದೆರಡು ದಿನದಲ್ಲಿ ಮನೆಗೆ, ಮೂರ್ನಾಲ್ಕು ದಿನ ಪೈಪು. ಕೆಲವ್ರಿಗೆ ಮತ್ತೆ ಕಟ್ಕೊಳ್ಳುತ್ತೆ, ಅದು ಗೊತ್ತಿರ್ಲಿ. ಮದ್ವೆ ಐದು ವಾರಕ್ಕೆ ಅಂದ್ರಲ್ವಾ, ಆಗುತ್ತೆ.”

“ಅದೇ ಮಾಡಿ ಸಾರ್.” ಅವನ ಮುಖ ಬೆಳಿಗ್ಗೆಯಿಂದ ಮೊದಲ ಸಲ ಸಡಿಲವಾಯಿತು. ಡಾಕ್ಟರು ಡೈರಿ ತೆಗೆದು ಮುಂದಿನ ವಾರದ ಒಂದು ದಿನ ಬರೆದರು. ಅವನು ಎದ್ದು ನಿಂತ. ನಾನು ಫೈಲನ್ನು ಎದೆಗೆ ಒತ್ತಿಕೊಂಡು ಕೂತೇ ಇದ್ದೆ. ಅವನು ಹೇಳಲಿ ಎಂದು ಕಾದೆ. ಬಾಗಿಲ ತನಕ ಹೋದವನು ತಿರುಗಿ, “ಬನ್ನಿ ಅತ್ಗೆ” ಎಂದ.

“ಒಂದ್ನಿಮಿಷ ಡಾಕ್ಟ್ರೇ,” ಎಂದೆ. “ಅವನು ನಿಮಗೆ ಇನ್ನೊಂದು ಮಾತು ಹೇಳೋದಿದೆ.”

ಅವನು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಸಿಟ್ಟು ಅಲ್ಲ, ಗೂಡಿನ ಮೂಟೆ ಗಾಡಿಯಿಂದ ಜಾರಿದಾಗ ನೋಡುವ ಹಾಗೆ. ಬಂದು ಮತ್ತೆ ಕೂತು, ಮೇಜಿನ ಗಾಜಿನ ಕೆಳಗಿದ್ದ ಕ್ಯಾಲೆಂಡರು ನೋಡುತ್ತಾ ಎಲ್ಲವನ್ನೂ ಹೇಳಿದ. ತಿರುಪತಿಯ ವಿಷಯವನ್ನೂ ಹೇಳಿದ, ಅದರ ಅಗತ್ಯವಿರಲಿಲ್ಲ.

ಡಾಕ್ಟರು ಡೈರಿಯಲ್ಲಿ ಬರೆದದ್ದರ ಮೇಲೆ ಒಂದು ಗೀಟು ಹಾಕಿದರು. “ನನ್ನ ಹತ್ರ ಮುಚ್ಚಿಟ್ರೆ ನಂಗೇನೂ ಆಗಲ್ಲಪ್ಪ. ಒಂದ್ಸಲ ಸೀಳಿ, ವರ್ಷದೊಳಗೆ ಮತ್ತೆ ಕಟ್ಕೊಂಡಿದೆ. ಮತ್ತೆ ಸೀಳಿದ್ರೆ ಮತ್ತೆ ಕಟ್ಕೊಳ್ಳೋದೇ ಜಾಸ್ತಿ. ಪ್ರತಿ ಸಲ ಸೀಳಿದಾಗ್ಲೂ ಗಾಯ, ಗಾಯದ ಮೇಲೆ ಕಲೆ. ಈಗ ಒಂದೂವರೆ ಸೆಂಟಿಮೀಟರ್ ಇರೋದು ಮುಂದೆ ಇನ್ನೂ ಉದ್ದ ಆಗ್ಬೋದು. ಮದ್ವೆ ಮುಗಿಯುತ್ತೆ, ಹೌದು. ಆಮೇಲೆ?”

ಮತ್ತೆ ಬರೆದು ತೋರಿಸಿದರು. ಹೊರಗಿನಿಂದ, ಕೆಳಭಾಗದಲ್ಲಿ ಕೊಯ್ದು, ಕಲೆಗಟ್ಟಿದ ತುಂಡನ್ನು ಪೂರ್ತಿ ತೆಗೆದು, ಒಳ್ಳೆಯ ತುದಿಗಳೆರಡನ್ನೂ ಸೇರಿಸಿ ಹೊಲಿಯುವುದು. ಚಿಕ್ಕ ಬಿಗಿತಕ್ಕೆ ಇದೇ ಗಟ್ಟಿ ದಾರಿ, ಬಹುಪಾಲು ಜನಕ್ಕೆ ಮತ್ತೆ ತೊಂದರೆ ಬರುವುದಿಲ್ಲ. ಪೈಪು ಸುಮಾರು ಮೂರು ವಾರ. ತೆಗೆಯುವಾಗ ಬಣ್ಣದ ಎಕ್ಸ್-ರೇ ಮಾಡಿ ಹೊಲಿಗೆ ಸೋರುತ್ತಿಲ್ಲ ಎಂದು ನೋಡಿಕೊಳ್ಳುವುದು. ಒಂದೆರಡು ತಿಂಗಳು ಬೈಕು ಹತ್ತುವಂತಿಲ್ಲ, ಮೂಟೆ ಎತ್ತುವಂತಿಲ್ಲ, ಐದು ವಾರಕ್ಕೆ ಮದುವೆಯಂತೂ ಆಗುವುದಿಲ್ಲ. ಕತ್ತರಿಸಿದ ಮೇಲೆ ತುದಿಗಳು ಎಳೆದುಕೊಂಡು ಸೇರದೇ ಹೋದರೆ ಕೆನ್ನೆಯ ಒಳಗಿನ ಚರ್ಮ ತೆಗೆದು ತೇಪೆ ಹಾಕಬೇಕಾಗಬಹುದು. ಅದಕ್ಕೆ ಬಾಯಿ ತೆರೆಸಿ ಟಾರ್ಚು ಹಾಕಿ ನೋಡಿದರು.

“ಗುಟ್ಕಾ ಹಾಕ್ತೀಯಾ?”

“ಯಾವಾಗ್ಲಾರ ಒಸಿ...”

“ಇವತ್ತಿಂದ ಇಲ್ಲ.”

ಇನ್ನೊಂದು ದಾರಿಯೂ ಇದೆ ಎಂದರು, ಏನೂ ಕೊಯ್ಯದೆ ಆಗಾಗ ಬಂದು ದಾರಿ ಹಿಗ್ಗಿಸಿಕೊಳ್ಳುವುದು, ಮನೆಯಲ್ಲೇ ಸಣ್ಣ ಪೈಪು ಹಾಕಿಕೊಳ್ಳಲು ಕಲಿಯುವುದು. ಇಪ್ಪತ್ತೆಂಟು ವರ್ಷದವನಿಗೆ ಅದನ್ನು ತಾವು ಹೇಳುವುದಿಲ್ಲ ಎಂದೂ ಸೇರಿಸಿದರು.

ಮೈದುನ ನನ್ನ ಕಡೆ ನೋಡದೆ, “ಸಾರ್, ಆಪರೇಸನ್ ಆದ್ಮೇಲೆ... ಸಂಸಾರ...” ಎಂದ.

ನಾನು ಎದ್ದು ಹೊರಗೆ ಹೋಗಬೇಕೇ ಎಂದು ಅನುಮಾನಿಸಿದೆ. ಡಾಕ್ಟರು ಕೂರಿ ಎಂಬಂತೆ ಕೈ ತೋರಿಸಿದರು. “ಕೆಲವ್ರಿಗೆ ಮೊದ್ಲ ಕೆಲವು ತಿಂಗಳು ಸ್ವಲ್ಪ ಏರುಪೇರು ಅನ್ನಿಸ್ಬೋದು. ಹೆಚ್ಚಿನವ್ರಿಗೆ ಸರಿ ಹೋಗುತ್ತೆ. ಖಂಡಿತ ಏನೂ ಆಗಲ್ಲ ಅಂತ ನಾನು ಬರ್ಕೊಡಲ್ಲ. ಆದ್ರೆ ಈ ಕಾಯ್ಲೆಗೂ ಗಂಡಸ್ತನಕ್ಕೂ ಗಂಟು ಹಾಕ್ಬೇಡ. ಇದು ಪೈಪಿನ ವಿಷಯ. ಮನೇಲಿ ಮಾತಾಡಿ ಫೋನ್ ಮಾಡಿ.”

ಮೆಟ್ಟಿಲಿಳಿಯುವಾಗ ಅವನು ನನಗಿಂತ ನಾಲ್ಕು ಮೆಟ್ಟಿಲು ಮುಂದಿದ್ದ. ಬಸ್ ಸ್ಟ್ಯಾಂಡಿನಲ್ಲಿ ಮಾಗಡಿ ಬಸ್ಸು ಬಂದು, ತುಂಬಿ, ಹೊರಟೂ ಹೋಯಿತು. ಅವನು ಹತ್ತಲಿಲ್ಲ, ನಾನೂ ಹತ್ತಲಿಲ್ಲ.

“ನನ್ ಮೇಲೆ ಕೋಪಾನಾ?” ಎಂದೆ.

“ಕ್ವಾಪ ಏನಿಲ್ಲ ಅತ್ಗೆ. ನೀವು ಹೇಳ್ದೇ ಇದ್ದಿದ್ರೆ ಮುಂದಿನ್ವಾರ ಹೋಗಿ ಮತ್ತೆ ಸೀಳುಸ್ಕಳಕ್ಕೆ ಮನಿಕ್ಕಂಡಿರ್ತಿದ್ದೆ.” ಸ್ವಲ್ಪ ತಡೆದು, “ಅವ್ಳ್ಗೆ ಹೇಳ್ಲಾ?”

“ಯಾರಿಗೆ?” ಗೊತ್ತಿದ್ದೂ ಕೇಳಿದೆ.

“ಅವ್ಳ್ಗೆ. ಅವ್ರಪ್ಪಂಗೆ ಕಲ್ಲು ಅಂತ ಹೇಳ್ಬೋದು. ಅವ್ಳ್ಗೂ ಕಲ್ಲು ಅಂದ್ರೆ... ಆಮ್ಯಾಕೆ ಮೈ ಮೇಲೆ ಗಾಯ ಕಾಣಲ್ವಾ?”

ಹುಡುಗಿ ಚನ್ನಪಟ್ಟಣದಲ್ಲಿ ಬಿ.ಎಡ್. ಓದುತ್ತಿದ್ದಳು. ಆ ಹೊತ್ತಿಗೆ ಕಾಲೇಜು ಬಿಟ್ಟಿರುತ್ತದೆ ಎಂದು ಅವನಿಗೆ ನಿಮಿಷದ ಲೆಕ್ಕದಲ್ಲಿ ಗೊತ್ತಿತ್ತು. ಹಣ್ಣಿನ ಗಾಡಿಗಳಾಚೆ ಹೋಗಿ, ಕಂಬಕ್ಕೆ ಬೆನ್ನು ಕೊಟ್ಟು ಫೋನು ಮಾಡಿದ. ನನಗೆ ಮಾತು ಕೇಳುತ್ತಿರಲಿಲ್ಲ, ಎಡಗೈ ಮಾತ್ರ ಕಾಣುತ್ತಿತ್ತು. ಡಾಕ್ಟರ ಹಾಗೇ ಗಾಳಿಯಲ್ಲಿ ಗೀಟು ಎಳೆದು, ನಡುವೆ ತುಂಡರಿಸಿ, ಸೇರಿಸಿ ತೋರಿಸುತ್ತಿತ್ತು. ಆಮೇಲೆ ಕೈ ಕೆಳಗಿಳಿಯಿತು. ಬಹಳ ಹೊತ್ತು ಅವನು ಕೇಳಿಸಿಕೊಳ್ಳುತ್ತಲೇ ಇದ್ದ. ನಾನು ಒಂದು ಸೌತೆಕಾಯಿ ಕೊಂಡೆ, ತಿನ್ನಲಿಲ್ಲ.

ಬಂದಾಗ ಅವನ ಮುಖದಲ್ಲಿ ಏನಿದೆ ಎಂದು ತಿಳಿಯಲಿಲ್ಲ.

“ಏನಂದಳು?”

“ಮೊದ್ಲೇ ಯಾಕ್ ಹೇಳ್ಲಿಲ್ಲ ಅಂತ ಬೈದ್ಲು. ಚೆನ್ನಾಗೇ ಬೈದ್ಲು ಅತ್ಗೆ, ಟೀಚರಮ್ಮ ಅಲ್ವಾ. ಆಮ್ಯಾಕೆ, ಪೈಪ್ ಇಟ್ಕಂಡು ಮಂಟಪದಾಗೆ ಕುಂತ್ರೆ ನಂಗೆ ನಗು ತಡ್ಯಕ್ಕಾಗಲ್ಲ, ಮುಂದಕ್ಕಾಕಿ ಅಂದ್ಲು. ಅವ್ರಪ್ಪಂಗೆ ಅವ್ಳೇ ಹೇಳ್ತಾಳಂತೆ.”

“ಏನಂತ?”

“ಅದ್ನ ಕೇಳ್ಲಿಲ್ಲ,” ಎಂದು ನನ್ನ ಕೈಯಿಂದ ಸೌತೆಕಾಯಿ ತೆಗೆದುಕೊಂಡ.

ಮುಂದಿನ ಬಸ್ಸಿನಲ್ಲಿ ನಮಗೆ ಸೀಟು ಸಿಕ್ಕಿತು. ಅರ್ಧ ದಾರಿಯಲ್ಲಿ ನನ್ನ ಗಂಡನ ಫೋನು ಬಂತು. ಹುಡುಗಿಯ ತಂದೆ ಮಾತಾಡಿದರಂತೆ. ಅವರ ಧ್ವನಿ ಅಷ್ಟು ಹಿತವಾಗಿರಲಿಲ್ಲವಂತೆ, ಛತ್ರದ ವಿಷಯ ಎರಡು ಸಲ ಎತ್ತಿದರಂತೆ. ಕೊನೆಗೆ, “ನಮ್ ಹುಡ್ಗೀನೇ ಕಾಯ್ತೀನಿ ಅಂತವ್ಳೆ, ನಾನೇನ್ ಹೇಳ್ಲಿ. ಹುಡ್ಗ ಹುಷಾರಾಗ್ಲಿ, ಮುಂದಿನ ಲಗ್ನ ನೋಡಿ” ಎಂದರಂತೆ. ನಾನು ಅದನ್ನು ಪಕ್ಕದಲ್ಲಿ ಕೂತವನಿಗೆ ಹೇಳಿದೆ. ಅವನು ಕಿಟಕಿಯ ಕಡೆ ತಿರುಗಿಕೊಂಡ. ಮಾಗಡಿ ಬರುವ ತನಕ ಹಾಗೇ ಇದ್ದ. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಅಂಗಡಿಯಲ್ಲಿ ನಿಂತುಕೊಂಡೇ ಆಸ್ಪತ್ರೆಗೆ ಫೋನು ಮಾಡಿ, ದೊಡ್ಡ ಆಪರೇಷನ್ನಿಗೇ ದಿನ ಕೇಳಿದ.

ಮದುವೆ ಮುಂದಕ್ಕೆ ಹೋದದ್ದನ್ನು ಮನೆಯಲ್ಲಿ ಅತ್ತೆಗೆ ನನ್ನ ಗಂಡ ಆಗಲೇ ಹೇಳಿದ್ದರು. ಅವರು ಜಗಲಿಯಲ್ಲಿ ಮೊರದಲ್ಲಿ ಹುರುಳಿ ಇಟ್ಟುಕೊಂಡು ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. “ಪತ್ರಿಕೆ ದೇವ್ರ ಮುಂದೆ ಇಟ್ಟಾಗೈತೆ ಕಣಮ್ಮಣ್ಣಿ. ಅಚ್ಚಾದ ಪತ್ರಿಕೆ ಹಂಗೇ ಉಳುದ್ರೆ ಒಳ್ಳೇದಲ್ಲ” ಎಂದರು. ಮೈದುನ ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೊರಕ್ಕೆ ಕೈ ಹಾಕಿ, ಮೆಲ್ಲಗೆ ಮಾತಾಡಿದ. ಕುರಿದೊಡ್ಡಿಯ ಗೋಡೆಯಿಂದ ಶುರುಮಾಡಿದ. ನಾನು ಒಳಗೆ ಹೋಗಿ ದೀಪಕ್ಕೆ ಎಣ್ಣೆ ಹಾಕಿದೆ. ಒಳಗಿನಿಂದ ಅತ್ತೆಯ ಧ್ವನಿ ಒಂದೇ ಸಲ ಕೇಳಿಸಿತು, “ಅವತ್ತು ಎಣ್ಣೆ ತಿಕ್ಕುವಾಗ್ಲೇ ನೀನು ಬಾಯ್ ಬುಟ್ಟಿದ್ರೆ?” ಅದಕ್ಕೆ ಅವನು ಏನೆಂದನೋ ಕೇಳಿಸಲಿಲ್ಲ.

ಆರೂವರೆಗೆ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ನಮ್ಮ ಕರಿಬೇವಿನ ಗಿಡಕ್ಕೆ ಕೈ ಚಾಚಿ ಎರಡು ಕಡ್ಡಿ ಮುರಿದುಕೊಂಡರು. ದಿನಾ ಮುರಿದುಕೊಳ್ಳುತ್ತಾರೆ. ನನ್ನ ಗಂಡ ಛತ್ರಕ್ಕೆ ಫೋನು ಮಾಡಿದ್ದರು, ಛತ್ರದವರು ಆಕೆಯ ನೆಂಟರಾದ್ದರಿಂದ ಸುದ್ದಿ ಆಗಲೇ ಮುಟ್ಟಿತ್ತು.

“ಮದ್ವೆ ಮುಂದಕ್ಕೋಯ್ತಂತಲ್ಲಕ್ಕಾ?”

“ಹೌದು. ಒಂದು ಆಪರೇಷನ್ ಇದೆ.”

“ಒಳ್ಳೇದೇ ಆಯ್ತು ಬುಡಿ,” ಎಂದರು, ಕಡ್ಡಿಯಿಂದ ಒಣಗಿದ ಎಲೆ ಕಿತ್ತು ಬಿಸಾಡುತ್ತಾ. “ಆ ಮದ್ವೆ ದಿನಾನೇ ನಮ್ ತಂಗಿ ಮಗಳ ಸೀಮಂತ ಐತೆ ಕುದೂರಲ್ಲಿ. ಎರಡೂ ಕಡೆ ಹೆಂಗಪ್ಪಾ ಓಡಾಡೋದು ಅಂತಿದ್ದೆ.”